ಒಂದಕ್ಕೆ ಒಂದು ಕೂಡಿದರೆ ಸೊನ್ನೆ: ಇಪ್ಪತ್ತೈದು ದೀಪಗಳ ಲೆಕ್ಕ

1995ರಲ್ಲಿ ಅಮೆರಿಕದ ಟೈಗರ್ ಎಲೆಕ್ಟ್ರಾನಿಕ್ಸ್ ಕಂಪನಿ ‘ಲೈಟ್ಸ್ ಔಟ್’ ಎಂಬ ಆಟಿಕೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರ. ಅದರ ಮೇಲೆ ಐದು ಸಾಲು, ಸಾಲಿಗೆ ಐದರಂತೆ ಇಪ್ಪತ್ತೈದು ಗುಂಡಿಗಳು, ಪ್ರತಿ ಗುಂಡಿಯೊಳಗೂ ಒಂದು ದೀಪ. ಶುರುವಿನಲ್ಲಿ ಕೆಲವು ದೀಪ ಉರಿಯುತ್ತಿರುತ್ತವೆ, ಎಲ್ಲವನ್ನೂ ಆರಿಸಬೇಕು. ತೊಡಕಿರುವುದು ಗುಂಡಿಯ ಸ್ವಭಾವದಲ್ಲಿ. ಒಂದು ಗುಂಡಿ ಒತ್ತಿದರೆ ಅದರ ದೀಪವೂ, ಮೇಲೆ ಕೆಳಗೆ ಎಡ ಬಲಗಳಲ್ಲಿ ತಾಗಿಕೊಂಡಿರುವ ದೀಪಗಳೂ ಒಟ್ಟಿಗೆ ಬದಲಾಗುತ್ತವೆ: ಉರಿಯುತ್ತಿದ್ದದ್ದು ಆರುತ್ತದೆ, ಆರಿದ್ದು ಹೊತ್ತಿಕೊಳ್ಳುತ್ತದೆ. ಒಂದನ್ನು ಆರಿಸಹೋದರೆ ಪಕ್ಕದಲ್ಲಿ ಮೂರು ಹೊತ್ತಿಕೊಂಡು ಅಣಕಿಸುತ್ತವೆ.

ಆಡಿ ನೋಡಲು ಯಂತ್ರವೇ ಬೇಕೆಂದಿಲ್ಲ. ನಮ್ಮ ಚೌಕಾಬಾರದ ಮಣೆಯಲ್ಲೂ ಐದೈದು ಇಪ್ಪತ್ತೈದು ಮನೆಗಳೇ ಇರುವುದು. ಒಂದು ಮಗ್ಗುಲು ತೇಯ್ದು ಬಿಳಿ ಮಾಡಿದ ಹುಣಸೆ ಬೀಜವನ್ನು ಮನೆಗೊಂದರಂತೆ ಇಟ್ಟು, ಬಿಳಿ ಮೇಲಿದ್ದರೆ ಉರಿಯುವ ದೀಪ, ಕಪ್ಪು ಮೇಲಿದ್ದರೆ ಆರಿದ ದೀಪ ಎಂದುಕೊಂಡರೆ ಆಟ ಸಿದ್ಧ. ಮನೆಯೊಂದನ್ನು ‘ಒತ್ತುವುದು’ ಎಂದರೆ ಅಲ್ಲಿಯ ಬೀಜವನ್ನೂ ನೆರೆಮನೆಗಳ ಬೀಜಗಳನ್ನೂ ಮಗುಚುವುದು. ಕರ್ಣದ ದಿಕ್ಕಿನವು ನೆರೆಯಲ್ಲ. ಹಾಗಾಗಿ ಮೂಲೆಮನೆಗೆ ಎರಡು ನೆರೆ, ಅಂಚಿನದಕ್ಕೆ ಮೂರು, ಒಳಗಿನದಕ್ಕೆ ನಾಲ್ಕು.

ಸ್ವಲ್ಪ ಹೊತ್ತು ಆಡಿದರೆ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಒಂದೇ ಮನೆಯನ್ನು ಎರಡು ಸಲ ಒತ್ತುವುದೂ ಒತ್ತದೇ ಇರುವುದೂ ಒಂದೇ. ಇನ್ನು, ಯಾವ ಮನೆಯನ್ನು ಮೊದಲು ಒತ್ತಿದಿರಿ, ಯಾವುದನ್ನು ಆಮೇಲೆ ಒತ್ತಿದಿರಿ ಎಂಬುದರಿಂದ ಕೊನೆಯ ಸ್ಥಿತಿ ಬದಲಾಗುವುದಿಲ್ಲ. ಒಂದು ಬೀಜ ಒಟ್ಟು ಎಷ್ಟು ಸಲ ಮಗುಚಿತು ಎಂಬುದಷ್ಟೇ ಮುಖ್ಯ, ಅದರಲ್ಲೂ ಆ ಸಂಖ್ಯೆ ಸಮವೋ ಬೆಸವೋ ಎಂಬುದಷ್ಟೇ. ಇಲ್ಲಿಗೆ ಚದುರಂಗದಂಥ ‘ನಡೆ’ಗಳ ಆಟ ಮುಗಿದು ಲೆಕ್ಕ ಶುರುವಾಯಿತು. ಕೇಳಬೇಕಾದ ಪ್ರಶ್ನೆ ಇಷ್ಟೇ: ಇಪ್ಪತ್ತೈದು ಮನೆಗಳಲ್ಲಿ ಯಾವುವನ್ನು ಒಂದು ಸಲ ಒತ್ತಬೇಕು, ಯಾವುವನ್ನು ಬಿಡಬೇಕು?

ಮನೆಗಳಿಗೆ ಮೇಲಿನ ಎಡಮೂಲೆಯಿಂದ ಸಾಲಾಗಿ 1ರಿಂದ 25ರವರೆಗೆ ಸಂಖ್ಯೆ ಕೊಡೋಣ. ಒತ್ತಿದ ಮನೆಗೆ 1, ಬಿಟ್ಟ ಮನೆಗೆ 0. ಮೊದಲ ಮನೆಯ ದೀಪವನ್ನು ಮುಟ್ಟುವ ಗುಂಡಿಗಳು ಮೂರೇ: ಅದರದ್ದೇ, ಬಲಗಡೆಯ 2, ಕೆಳಗಿನ 6. ಆ ದೀಪ ಈಗ ಉರಿಯುತ್ತಿದ್ದರೆ ಈ ಮೂರರಲ್ಲಿ ಒತ್ತಿದವುಗಳ ಸಂಖ್ಯೆ ಬೆಸವಾಗಿರಬೇಕು. ನಟ್ಟನಡುವಿನ 13ನೇ ದೀಪಕ್ಕೆ ಅಂಥ ಗುಂಡಿಗಳು ಐದು. ಹೀಗೆ ದೀಪಕ್ಕೊಂದು ಸಮೀಕರಣ:

```
x1 + x2 + x6 = 1
x8 + x12 + x13 + x14 + x18 = 1
```

ಬಲಗಡೆಯ 1 ಎಂದರೆ ದೀಪ ಉರಿಯುತ್ತಿದೆ, ಬದಲಾಗಬೇಕು. ಆರಿದ್ದರೆ ಅಲ್ಲಿ 0. ಹೈಸ್ಕೂಲಿನಲ್ಲಿ ಎರಡು ಅವ್ಯಕ್ತಗಳ ಎರಡು ಸಮೀಕರಣ ಬಿಡಿಸಿದ್ದೆವಲ್ಲ, ಇದೂ ಅದೇ, ಇಪ್ಪತ್ತೈದಕ್ಕೆ ಬೆಳೆದಿದೆ ಅಷ್ಟೆ. ವ್ಯತ್ಯಾಸ ಒಂದೇ: ಇಲ್ಲಿರುವುದು 0 ಮತ್ತು 1 ಎಂಬ ಎರಡೇ ಸಂಖ್ಯೆಗಳು, 1 + 1 = 0. ಮಹಡಿ ಮೆಟ್ಟಿಲ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ ಇರುವ ಮನೆಗಳಲ್ಲಿ ಈ ಕೂಡುವಿಕೆ ದಿನವೂ ನಡೆಯುತ್ತದೆ. ಎರಡನ್ನೂ ಒಂದೊಂದು ಸಲ ಅದುಮಿದರೆ ದೀಪ ಮೊದಲಿದ್ದಂತೆಯೇ ಇರುತ್ತದೆ. ಈ ಪುಟ್ಟ ಲೋಕದಲ್ಲಿ ಕಳೆಯುವುದೂ ಕೂಡುವುದೂ ಒಂದೇ. ಭಾಗಾಕಾರದ ಗೋಜೂ ಇಲ್ಲ, ಭಾಗಿಸಲು ಇರುವುದು 1 ಮಾತ್ರ.

ಈ ಲೋಕದ ಕಟ್ಟಳೆ ಮರೆತು ಮಾಮೂಲಿ ಅಂಕಗಣಿತದಲ್ಲೇ ಸಮೀಕರಣಗಳನ್ನು ಬಿಡಿಸಿದರೆ ಏನಾಗುತ್ತದೆಂದು ನಾಲ್ಕೇ ದೀಪಗಳ ಎರಡೆರಡರ ಚೌಕದಲ್ಲಿ ನೋಡಬಹುದು. ಒಂದು ಮೂಲೆ ಮಾತ್ರ ಉರಿಯುತ್ತಿದೆ ಎನ್ನಿ. ಸ್ಪ್ರೆಡ್‌ಶೀಟಿನ ಉತ್ತರ: ಆ ಮೂಲೆಯನ್ನೂ ಅದರ ಎರಡು ನೆರೆಗಳನ್ನೂ ಮೂರರಲ್ಲೊಂದು ಸಲ ಒತ್ತಿ, ಎದುರು ಮೂಲೆಯನ್ನು ಋಣ ಮೂರರಲ್ಲೆರಡು ಸಲ ಒತ್ತಿ! ಮೂರರಲ್ಲೊಂದು ಸಲ ಗುಂಡಿ ಒತ್ತುವುದು ಹೇಗೋ ದೇವರೇ ಬಲ್ಲ. ಎರಡು ಸಂಖ್ಯೆಗಳ ಲೋಕದ ಉತ್ತರ ನೇರವಾಗಿದೆ: ಉರಿಯುವ ಮೂಲೆಯನ್ನೂ ಅದರ ಎರಡು ನೆರೆಗಳನ್ನೂ ಒಂದೊಂದು ಸಲ ಒತ್ತಿ, ಎದುರು ಮೂಲೆಯನ್ನು ಮುಟ್ಟಬೇಡಿ.

ಇಪ್ಪತ್ತೈದು ಸಮೀಕರಣಗಳನ್ನು ಕಾಗದದ ಮೇಲೆ ಬಿಡಿಸಲು ಕೂತರೆ ಸಂಜೆಯಾದೀತು. ಆಟಗಾರರು ಕಂಡುಕೊಂಡ ದಾರಿ ಇದಕ್ಕಿಂತ ಸುಲಭ. ಅದು ಇಪ್ಪತ್ತೈದು ಅವ್ಯಕ್ತಗಳನ್ನು ಐದಕ್ಕೆ ಇಳಿಸುತ್ತದೆ. ಮೊದಲ ಸಾಲನ್ನು ನೋಡಿ. ಅಲ್ಲಿ ಉರಿಯುವ ಪ್ರತಿ ದೀಪದ ನೇರ ಕೆಳಗಿನ ಗುಂಡಿಯನ್ನು ಎರಡನೇ ಸಾಲಿನಲ್ಲಿ ಒತ್ತಿ. ಮೊದಲ ಸಾಲು ಆರುತ್ತದೆ, ಎರಡನೆಯದು ಚೆಲ್ಲಾಪಿಲ್ಲಿಯಾಗುತ್ತದೆ. ಈಗ ಎರಡನೇ ಸಾಲಿನಲ್ಲಿ ಉರಿಯುವವುಗಳನ್ನು ಮೂರನೇ ಸಾಲಿನ ಗುಂಡಿಗಳಿಂದ ಆರಿಸಿ. ಹೀಗೆ ದೀಪಗಳನ್ನು ಕೆಳಕ್ಕೆ ಅಟ್ಟುತ್ತ ಹೋದರೆ ನಾಲ್ಕು ಸಾಲು ಆರಿ, ಉಳಿದ ಗಲಾಟೆಯೆಲ್ಲ ಐದನೇ ಸಾಲಿಗೆ ಬಂದು ಸೇರುತ್ತದೆ. ಈ ಓಟದಲ್ಲಿ ನಮ್ಮ ಇಷ್ಟಕ್ಕೆ ಜಾಗವೇ ಇಲ್ಲ. ಮೇಲಿನ ಸಾಲು ಹೇಳಿದ್ದನ್ನೇ ಒತ್ತಬೇಕು. ಸ್ವಾತಂತ್ರ್ಯವಿರುವುದು ಅಟ್ಟಲು ಶುರುಮಾಡುವ ಮೊದಲು ಒಂದನೇ ಸಾಲಿನ ಯಾವ ಗುಂಡಿಗಳನ್ನು ಒತ್ತುತ್ತೇವೆ ಎಂಬುದರಲ್ಲಿ ಮಾತ್ರ.

ಆದ್ದರಿಂದ ಎಲ್ಲ ಆರಿದ ಮಣೆ ತೆಗೆದುಕೊಂಡು, ಮೊದಲ ಸಾಲಿನ ಮೊದಲ ಗುಂಡಿಯನ್ನಷ್ಟೇ ಒತ್ತಿ, ಕೊನೆಯವರೆಗೆ ಅಟ್ಟಿ ನೋಡಿ. ಐದನೇ ಸಾಲಿನಲ್ಲಿ ಎರಡನೆಯ, ಮೂರನೆಯ, ಐದನೆಯ ದೀಪಗಳು ಉಳಿಯುತ್ತವೆ. ಉಳಿದ ಗುಂಡಿಗಳಿಗೂ ಹೀಗೇ ಮಾಡಿದರೆ ಈ ಪಟ್ಟಿ ಸಿಗುತ್ತದೆ. ಎಡಗಡೆ ಇರುವುದು ಐದನೇ ಸಾಲಿನಲ್ಲಿ ಉಳಿಯುವ ದೀಪಗಳು, ಬಲಗಡೆ ಮೊದಲ ಸಾಲಿನಲ್ಲಿ ಒತ್ತಬೇಕಾದ ಗುಂಡಿ:

```
○ ● ● ○ ●    1
● ● ● ○ ○    2
● ● ○ ● ●    3
○ ○ ● ● ●    4
● ○ ● ● ○    5
● ○ ○ ○ ●    1, 2
○ ● ○ ● ○    1, 4
```

ಕೊನೆಯ ಎರಡನ್ನು ಮತ್ತೆ ಆಡಿ ನೋಡಬೇಕಾಗಿಲ್ಲ. 1 ಮತ್ತು 2ರ ಸಾಲುಗಳನ್ನು ಕೂಡಿದರೆ ಸಾಕು; ಎರಡರಲ್ಲೂ ಉರಿಯುವ ದೀಪ ಅಳಿಸಿಹೋಗುತ್ತದೆ, ಒಂದರಲ್ಲಿ ಮಾತ್ರ ಉರಿಯುವುದು ಉಳಿಯುತ್ತದೆ. ಪರಿಣಾಮಗಳು ಹೀಗೆ ಸರಾಗವಾಗಿ ಕೂಡಿಕೊಳ್ಳುವುದನ್ನೇ ಗಣಿತಜ್ಞರು ರೇಖೀಯ ವ್ಯವಸ್ಥೆ ಎನ್ನುತ್ತಾರೆ. ಪಟ್ಟಿ ಕೆಲಸಕ್ಕೆ ಬರುವುದೂ ಅದರಿಂದಲೇ: ನಿಮ್ಮ ಒಗಟು ಕೊನೆಯ ಸಾಲಿನಲ್ಲಿ ಯಾವ ಕಸ ಉಳಿಸಿತೋ ಅದೇ ಕಸವನ್ನು ಹುಟ್ಟಿಸುವ ಗುಂಡಿಗಳನ್ನು ಮೇಲೆ ಒತ್ತಿ ಇನ್ನೊಮ್ಮೆ ಅಟ್ಟಿದರೆ ಎರಡೂ ಒಂದನ್ನೊಂದು ಕಳೆಯುತ್ತವೆ.

ಇಪ್ಪತ್ತೈದೂ ದೀಪ ಉರಿಯುವ ಮಣೆಯನ್ನು ಬಿಡಿಸೋಣ. ಮೊದಲ ಸಾಲು ಪೂರ್ತಿ ಉರಿಯುತ್ತಿದೆ, ಆದ್ದರಿಂದ ಎರಡನೇ ಸಾಲಿನ ಐದೂ ಗುಂಡಿಗಳನ್ನು ಒತ್ತಬೇಕು. ಆ ಸಾಲಿನ ನಡುವಿನ ಮೂರು ದೀಪಗಳು ಮೂರು ಮೂರು ಸಲ ಬದಲಾಗಿ ಆರುತ್ತವೆ. ತುದಿಯ ಎರಡು ದೀಪಗಳು ಎರಡೆರಡು ಸಲ ಬದಲಾಗಿ ಉರಿಯುತ್ತಲೇ ಉಳಿಯುತ್ತವೆ. ಮೂರನೇ ಸಾಲಿನಲ್ಲಿ 1, 5 ಒತ್ತಿ. ಅಲ್ಲಿ ಈಗ ನಡುವಿನದೊಂದು ಬಿಟ್ಟು ಉಳಿದ ನಾಲ್ಕು ಉರಿಯುತ್ತವೆ. ನಾಲ್ಕನೇ ಸಾಲಿನಲ್ಲಿ 1, 2, 4, 5 ಒತ್ತಿ. ಆಮೇಲೆ ಐದನೇ ಸಾಲಿನಲ್ಲಿ 2, 3, 4. ಕೊನೆಗೆ ಐದನೇ ಸಾಲಿನ ಎರಡು ತುದಿಗಳಷ್ಟೇ ಉರಿಯುತ್ತಿರುತ್ತವೆ. ಪಟ್ಟಿಯ ಆರನೇ ಸಾಲು ಇದೇ: ಮೇಲೆ 1, 2 ಒತ್ತಿ ಮತ್ತೆ ಅಟ್ಟಬೇಕು. ಎರಡನೇ ಸುತ್ತಿನಲ್ಲಿ ಎರಡನೇ ಸಾಲಿನ 3, ಮೂರನೆಯದರ 1, 3, 4, ನಾಲ್ಕನೆಯದರ 1, 3, 5, ಐದನೆಯದರ 4, 5 ಒತ್ತುವಷ್ಟರಲ್ಲಿ ಮಣೆ ಪೂರ್ತಿ ಕತ್ತಲು. ಎರಡು ಸುತ್ತಿನಲ್ಲಿ ಒಟ್ಟು 25 ಸಲ ಒತ್ತಿದ್ದಾಯಿತು. ಅದರಲ್ಲಿ ಐದು ಗುಂಡಿಗಳನ್ನು ಎರಡೆರಡು ಸಲ ಒತ್ತಿದ್ದೇವೆ, ಅವು ದಂಡ. ಅವನ್ನು ತೆಗೆದರೆ ಹದಿನೈದು ಉಳಿಯುತ್ತವೆ:

```
● ● ○ ○ ○
● ● ○ ● ●
○ ○ ● ● ●
○ ● ● ● ○
○ ● ● ○ ●
```

ಇಲ್ಲೊಂದು ಅನುಮಾನ ಬರಬೇಕು. ಐದು ದೀಪಗಳ ಸಾಲು 32 ಬಗೆಯಲ್ಲಿ ಇರಬಹುದು. ನಮ್ಮ ಪಟ್ಟಿಯಲ್ಲಿರುವುದು ಏಳು, ಎಲ್ಲ ಆರಿದ್ದನ್ನೂ ಸೇರಿಸಿದರೆ ಎಂಟು. ಮಿಕ್ಕ 24ರಲ್ಲಿ ಒಂದು ಬಂದರೆ? ಉದಾಹರಣೆಗೆ, ಕೊನೆಯ ಸಾಲಿನಲ್ಲಿ ಒಂದೇ ಒಂದು ಮೂಲೆದೀಪ ಉಳಿದರೆ? ಏನೂ ಮಾಡುವಂತಿಲ್ಲ. ಆ ಒಗಟಿಗೆ ಉತ್ತರವೇ ಇಲ್ಲ, ನೀವು ಎಷ್ಟೇ ಜಾಣರಾದರೂ.

ಕಾರಣ ಹುಡುಕಿದರೆ ಸಿಗುವುದು ಒಂದು ವಿಚಿತ್ರ ವಸ್ತು. ಒಂದನೇ ಸಾಲಿನಲ್ಲಿ 32 ಬಗೆಯಾಗಿ ಒತ್ತಬಹುದು, ಕೊನೆಯಲ್ಲಿ ಸಿಗುವುದು ಎಂಟೇ ಫಲ. ಅಂದರೆ ಒಂದೊಂದು ಫಲಕ್ಕೂ ನಾಲ್ಕು ದಾರಿ. ಆರಿದ ಮಣೆಯನ್ನು ಆರಿದಂತೆಯೇ ಇಡುವ ದಾರಿಗಳೂ ನಾಲ್ಕಿರಬೇಕು: ಏನನ್ನೂ ಒತ್ತದಿರುವುದು ಒಂದು, ಇನ್ನು ಮೂರು ಹೀಗಿವೆ:

```
● ○ ● ○ ●    ● ● ○ ● ●    ○ ● ● ● ○
● ○ ● ○ ●    ○ ○ ○ ○ ○    ● ○ ● ○ ●
○ ○ ○ ○ ○    ● ● ○ ● ●    ● ● ○ ● ●
● ○ ● ○ ●    ○ ○ ○ ○ ○    ● ○ ● ○ ●
● ○ ● ○ ●    ● ● ○ ● ●    ○ ● ● ● ○
```

ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಅದರ ಗುಂಡಿಗಳನ್ನೆಲ್ಲ ಒತ್ತಿ. ನಡುನಡುವೆ ದೀಪಗಳು ಹತ್ತಿ ಆರಿ ಗದ್ದಲವೆಬ್ಬಿಸುತ್ತವೆ. ಕೊನೆಗೆ ನೋಡಿದರೆ ಮಣೆ ಇದ್ದ ಹಾಗೇ ಇದೆ. ಇವನ್ನು ಮೌನ ಗುಂಪುಗಳು ಎನ್ನೋಣ. ಎರಡನೆಯದು ಮೊದಲನೆಯದನ್ನು ತಿರುಗಿಸಿದ್ದು, ಮೂರನೆಯದು ಅವೆರಡರ ಮೊತ್ತ. ಯಾವ ಒಗಟಿನ ಉತ್ತರಕ್ಕೂ ಇವನ್ನು ಕೂಡಿದರೆ ಬೇರೊಂದು ಉತ್ತರ ಸಿಗುತ್ತದೆ, ಹಾಗಾಗಿ ಉತ್ತರವಿರುವ ಪ್ರತಿ ಒಗಟಿಗೂ ಸರಿಯಾಗಿ ನಾಲ್ಕು ಉತ್ತರ.

ಇದರ ಬೆಲೆಯನ್ನು ಬೇರೆ ಕಡೆ ತೆರಬೇಕು. ಗುಂಡಿಗಳನ್ನು ಆರಿಸಿಕೊಳ್ಳುವ ಬಗೆಗಳು ಒಟ್ಟು 3,35,54,432. ಮಣೆಯ ಸ್ಥಿತಿಗಳೂ ಅಷ್ಟೇ. ನಾಲ್ಕು ಬಗೆಗಳು ಒಂದೇ ಸ್ಥಿತಿಗೆ ಖರ್ಚಾಗುವುದರಿಂದ ಆರಿದ ಮಣೆಯಿಂದ ತಲುಪಬಹುದಾದ ಸ್ಥಿತಿಗಳು 83,88,608 ಮಾತ್ರ, ನಾಲ್ಕರಲ್ಲೊಂದು ಪಾಲು. ಕಣ್ಮುಚ್ಚಿ ಬೀಜಗಳನ್ನು ಚೆಲ್ಲಿ ಒಗಟು ಮಾಡಿದರೆ ನಾಲ್ಕರಲ್ಲಿ ಮೂರು ಸಲ ಅದು ಬಿಡಿಸಲಾಗದ್ದೇ ಆಗಿರುತ್ತದೆ. ಮಕ್ಕಳಿಗೆ ಒಗಟು ಹಾಕಿಕೊಡುವಾಗ ಆರಿದ ಮಣೆಯಿಂದ ಶುರುಮಾಡಿ ಮನಸ್ಸಿಗೆ ಬಂದ ಗುಂಡಿಗಳನ್ನು ಒತ್ತಿ ಕೊಡುವುದು ನ್ಯಾಯ.

ಇನ್ನೊಬ್ಬರು ಹಾಕಿದ ಒಗಟು ಬಿಡಿಸಬಲ್ಲದ್ದೇ ಎಂದು ಒಂದೂ ಗುಂಡಿ ಮುಟ್ಟದೆ ಹೇಳಬಹುದು. ಮೊದಲನೇ ಮೌನ ಗುಂಪಿನ ಹನ್ನೆರಡು ಮನೆಗಳಲ್ಲಿ ಎಷ್ಟು ದೀಪ ಉರಿಯುತ್ತಿವೆ ಎಂದು ಎಣಿಸಿ. ಆಮೇಲೆ ಎರಡನೆಯದರಲ್ಲಿ. ಎರಡೂ ಎಣಿಕೆ ಸಮವಾಗಿದ್ದರೆ ಉತ್ತರವಿದೆ, ಒಂದು ಬೆಸ ಬಂದರೂ ಇಲ್ಲ. ನನ್ನ ಮಟ್ಟಿಗೆ ಇಡೀ ಆಟದ ರಸವಿರುವುದು ಇಲ್ಲೇ: ಒತ್ತಿದರೆ ಏನೂ ಮಾಡದ ಗುಂಪು, ದೀಪಗಳನ್ನು ಎಣಿಸಲು ಬಳಸಿದಾಗ ತೀರ್ಪು ಕೊಡುತ್ತದೆ.

ಹೇಗೆಂದರೆ, ನೆರೆತನ ಎರಡೂ ಕಡೆಯಿಂದ ಸಮ. ಈ ಗುಂಡಿ ಆ ದೀಪವನ್ನು ಮುಟ್ಟಿದರೆ ಆ ಗುಂಡಿ ಈ ದೀಪವನ್ನೂ ಮುಟ್ಟುತ್ತದೆ. ಮೌನ ಗುಂಪಿನ ಗುಂಡಿಗಳನ್ನೆಲ್ಲ ಒತ್ತಿದಾಗ ಯಾವ ದೀಪವೂ ಬದಲಾಗುವುದಿಲ್ಲ ಎಂದರೆ, ಮಣೆಯ ಯಾವುದೇ ದೀಪವನ್ನು ಮುಟ್ಟುವ ಗುಂಪಿನ ಗುಂಡಿಗಳು ಸಮಸಂಖ್ಯೆಯಲ್ಲಿವೆ ಎಂದರ್ಥ. ಇದನ್ನೇ ತಿರುಗಿಸಿ ಹೇಳಿದರೆ, ಮಣೆಯ ಯಾವುದೇ ಗುಂಡಿ ಗುಂಪಿನ ದೀಪಗಳಲ್ಲಿ ಸಮಸಂಖ್ಯೆಯಷ್ಟನ್ನೇ ಮುಟ್ಟುತ್ತದೆ. ಆದ್ದರಿಂದ ನೀವು ಏನನ್ನೇ ಒತ್ತಿದರೂ ಗುಂಪಿನೊಳಗೆ ಉರಿಯುವವುಗಳ ಎಣಿಕೆ ಸಮವಿದ್ದದ್ದು ಸಮವಾಗೇ, ಬೆಸವಿದ್ದದ್ದು ಬೆಸವಾಗೇ ಉಳಿಯುತ್ತದೆ. ಎಲ್ಲ ಆರಿದಾಗ ಎಣಿಕೆ ಸೊನ್ನೆ, ಅದು ಸಮ. ಬೆಸದಿಂದ ಅಲ್ಲಿಗೆ ದಾರಿಯಿಲ್ಲ. ಇನ್ನು ಪರೀಕ್ಷೆಯಲ್ಲಿ ಗೆದ್ದ ಒಗಟಿಗೆ ಉತ್ತರ ಇದ್ದೇ ಇರುತ್ತದೆಯೇ? ಮೊದಲ ಎಣಿಕೆಯ ಷರತ್ತು ಎಲ್ಲ ಸ್ಥಿತಿಗಳಲ್ಲಿ ಅರ್ಧವನ್ನು ಉಳಿಸುತ್ತದೆ, ಎರಡನೆಯದು ಅದರಲ್ಲೂ ಅರ್ಧವನ್ನು. ಉಳಿಯುವುದು ನಾಲ್ಕರಲ್ಲೊಂದು, ಅಂದರೆ ಅದೇ 83,88,608. ತಲುಪಬಹುದಾದ ಸ್ಥಿತಿಗಳೆಲ್ಲ ಇದರೊಳಗೇ ಇರಬೇಕು, ಅವುಗಳ ಸಂಖ್ಯೆಯೂ ಇಷ್ಟೇ. ಹಾಗಾಗಿ ಎರಡೂ ಒಂದೇ.

ಪರೀಕ್ಷೆಯನ್ನು ಒಂದೇ ದೀಪ ಉರಿಯುವ ಮಣೆಗಳ ಮೇಲೆ ಹಚ್ಚಿ ನೋಡಿ. ಆ ದೀಪ ಮೊದಲೆರಡು ಗುಂಪುಗಳಿಂದಲೂ ಹೊರಗಿರಬೇಕು. ಅಂಥ ಮನೆಗಳು ಐದೇ: ನಟ್ಟನಡುವಿನದು, ಅದರ ಕರ್ಣದ ದಿಕ್ಕಿನಲ್ಲಿ ತಾಗಿರುವ ನಾಲ್ಕು. ಮಿಕ್ಕ ಇಪ್ಪತ್ತು ಮನೆಗಳಲ್ಲಿ ಒಂಟಿಯಾಗಿ ಉರಿಯುವ ದೀಪವನ್ನು ಯಾರೂ ಆರಿಸಲಾರರು. ಅಮೆರಿಕದ ಗಣಿತಜ್ಞರಾದ ಮಾರ್ಲೋ ಆಂಡರ್ಸನ್ ಮತ್ತು ಟಾಡ್ ಫೈಲ್ 1998ರಲ್ಲಿ ‘ಮ್ಯಾಥಮ್ಯಾಟಿಕ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಈ ಆಟಿಕೆಯನ್ನು ಇದೇ ರೇಖೀಯ ಬೀಜಗಣಿತದ ಕಣ್ಣಿನಿಂದ ವಿವರಿಸಿದರು.

ಮಣೆಯ ಅಳತೆ ಬದಲಾದರೆ ಕಥೆಯೂ ಬದಲಾಗುತ್ತದೆ, ಅದೂ ಒಂದು ಕ್ರಮವಿಲ್ಲದೆ. ಮೂರು ಮೂರರ ಮಣೆಯಲ್ಲಿ 512 ಸ್ಥಿತಿಗಳೂ ಬಿಡಿಸಬಲ್ಲವು, ಒಂದೊಂದಕ್ಕೂ ಒಂದೇ ಉತ್ತರ. ನಾಲ್ಕು ನಾಲ್ಕರಲ್ಲಿ ಹದಿನಾರರಲ್ಲೊಂದು ಮಾತ್ರ. ಆರು, ಏಳು, ಎಂಟರ ಮಣೆಗಳಲ್ಲಿ ಮತ್ತೆ ಎಲ್ಲವೂ ಸಲೀಸು; ಒಂಬತ್ತಕ್ಕೆ ಬಂದರೆ 256ರಲ್ಲೊಂದು, ಹತ್ತರಲ್ಲಿ ಮತ್ತೆ ಎಲ್ಲವೂ. ಮಣೆ ದೊಡ್ಡದಾದಷ್ಟೂ ಕಷ್ಟವೆಂಬ ಊಹೆ ಇಲ್ಲಿ ನಡೆಯುವುದಿಲ್ಲ.

ಆದರೆ ಎಲ್ಲ ದೀಪಗಳೂ ಉರಿಯುವ ಸ್ಥಿತಿ ಮಾತ್ರ ಯಾವ ಮಣೆಯಲ್ಲೂ ಬಿಡಿಸಬಲ್ಲದ್ದೇ. ಚೌಕವೇ ಆಗಬೇಕೆಂದಿಲ್ಲ, ಯಾವ ಆಕಾರವಾದರೂ ಸರಿ. ಕ್ಲಾಸ್ ಸುಟ್ನರ್ 1989ರಲ್ಲಿ ಪ್ರಕಟಿಸಿದ ಈ ಫಲಿತಾಂಶ ಮೊದಲು ಕೇಳಿದಾಗ ನಂಬಲಾಗುವುದಿಲ್ಲ, ಸಾಧನೆ ನೋಡಿದರೆ ಎರಡೇ ಹೆಜ್ಜೆ. ಯಾವುದೋ ಮಣೆಯ ಒಂದು ಮೌನ ಗುಂಪನ್ನು ತೆಗೆದುಕೊಳ್ಳಿ. ಅದರೊಳಗಿನ ಪ್ರತಿ ದೀಪವನ್ನೂ ಗುಂಪಿನ ಗುಂಡಿಗಳು ಸಮಸಂಖ್ಯೆಯ ಸಲ ಮುಟ್ಟುತ್ತವೆ. ಅದರಲ್ಲಿ ಒಂದು ಸಲ ತನ್ನದೇ ಗುಂಡಿಯಿಂದ. ಹಾಗಾದರೆ ಗುಂಪಿನೊಳಗೆ ಅದಕ್ಕಿರುವ ನೆರೆಗಳ ಸಂಖ್ಯೆ ಬೆಸ. ಈಗ ಗುಂಪಿನಲ್ಲಿ ನೆರೆಯಾಗಿರುವ ಮನೆಗಳ ನಡುವೆ ಗೆರೆ ಎಳೆಯಿರಿ. ಪ್ರತಿ ಗೆರೆಗೂ ಎರಡು ತುದಿ, ಆದ್ದರಿಂದ ತುದಿಗಳ ಒಟ್ಟು ಸಂಖ್ಯೆ ಸಮ. ಪ್ರತಿ ಮನೆಗೆ ಬರುವ ತುದಿಗಳು ಬೆಸ. ಬೆಸಗಳನ್ನು ಕೂಡಿ ಸಮ ಬರಬೇಕಾದರೆ ಮನೆಗಳ ಸಂಖ್ಯೆಯೇ ಸಮವಾಗಿರಬೇಕು. ಎಲ್ಲ ದೀಪ ಉರಿಯುತ್ತಿದ್ದರೆ ಗುಂಪಿನಲ್ಲಿ ಉರಿಯುವವುಗಳ ಎಣಿಕೆ ಆ ಸಮಸಂಖ್ಯೆಯೇ. ಯಾವ ಮೌನ ಗುಂಪಿನಿಂದಲೂ ಆಕ್ಷೇಪ ಬರುವುದಿಲ್ಲ.

ಬೇಕಿದ್ದರೆ ಕರ್ನಾಟಕದ ನಕ್ಷೆಯನ್ನೇ ಮಣೆ ಮಾಡಿಕೊಳ್ಳಿ. 31 ಜಿಲ್ಲೆಗಳಿಗೆ 31 ದೀಪ, ಒಂದು ಜಿಲ್ಲೆಯನ್ನು ಒತ್ತಿದರೆ ಅದೂ ಅದರ ಗಡಿಗೆ ತಾಗಿದ ಜಿಲ್ಲೆಗಳೂ ಬದಲಾಗಬೇಕು. ಎಲ್ಲ ಉರಿಯುತ್ತಿದ್ದರೆ ಎಲ್ಲವನ್ನೂ ಆರಿಸುವ ದಾರಿ ಇದ್ದೇ ಇದೆ. ಮುಂದೆ ಜಿಲ್ಲೆಗಳನ್ನು ಒಡೆದು ಹೊಸ ಗಡಿ ಎಳೆದರೂ ಇರುತ್ತದೆ. ಯಾವ ಜಿಲ್ಲೆಗಳನ್ನು ಒತ್ತಬೇಕೆಂಬುದನ್ನು ಮಾತ್ರ ಸುಟ್ನರರ ಸಾಧನೆ ಹೇಳುವುದಿಲ್ಲ. ಅದಕ್ಕೆ 31 ಸಮೀಕರಣಗಳನ್ನು ಬರೆದು ಒಂದನ್ನು ಇನ್ನೊಂದಕ್ಕೆ ಕೂಡುತ್ತ ಅವ್ಯಕ್ತಗಳನ್ನು ಒಂದೊಂದಾಗಿ ತೊಲಗಿಸಬೇಕು. ತಾಳ್ಮೆಯಿದ್ದರೆ ಕೈಯಲ್ಲೇ ಆಗುವ ಕೆಲಸ, ಕಂಪ್ಯೂಟರಿಗಂತೂ ಕ್ಷಣದ ಮಾತು.

ಅತಿ ಕಡಿಮೆ ಗುಂಡಿ ಒತ್ತಿ ಬಿಡಿಸಿ ಎಂದರೆ ಮಾತು ಬೇರೆ. ಐದೈದರ ಮಣೆಯಲ್ಲಿ ಅದು ಕಷ್ಟವಲ್ಲ, ನಾಲ್ಕೇ ಉತ್ತರಗಳಲ್ಲಿ ಚಿಕ್ಕದನ್ನು ಆರಿಸಿಕೊಂಡರಾಯಿತು. ಅಲ್ಲಿ ಬಿಡಿಸಬಲ್ಲ ಯಾವ ಒಗಟಿಗೂ ಹದಿನೈದಕ್ಕಿಂತ ಹೆಚ್ಚು ಗುಂಡಿ ಬೇಕಾಗುವುದಿಲ್ಲ. ಎಲ್ಲ ಉರಿಯುವ ಮಣೆಗೆ ಪೂರ್ತಿ ಹದಿನೈದೂ ಬೇಕು: ಅದರ ನಾಲ್ಕು ಉತ್ತರಗಳು ಒಂದನ್ನೊಂದು ಕನ್ನಡಿಯಲ್ಲಿ ಕಂಡಂತೆ ಅಥವಾ ತಿರುಗಿಸಿದಂತೆ ಇವೆ, ಯಾವುದನ್ನು ತೆಗೆದುಕೊಂಡರೂ ಎಣಿಕೆ ಅಷ್ಟೇ. ಮೌನ ಗುಂಪುಗಳು ಹೆಚ್ಚಾದಂತೆ ಈ ಹೋಲಿಕೆ ಭಾರವಾಗುತ್ತದೆ. ಹತ್ತೊಂಬತ್ತು ಹತ್ತೊಂಬತ್ತರ ಮಣೆಯಲ್ಲಿ ಬಿಡಿಸಬಲ್ಲ ಒಂದೊಂದು ಒಗಟಿಗೂ 65,536 ಉತ್ತರಗಳಿವೆ. ಮನಬಂದಂತೆ ನೆರೆ ಜೋಡಿಸಿದ ದೊಡ್ಡ ಜಾಲಗಳಲ್ಲಂತೂ ಅತಿ ಚಿಕ್ಕ ಉತ್ತರವನ್ನು ಬೇಗ ಹುಡುಕಿಕೊಡುವ ವಿಧಾನ ಇದುವರೆಗೆ ಯಾರ ಕೈಗೂ ಸಿಕ್ಕಿಲ್ಲ.